ಕೂಗದೆ ಬರೆದ ಹಬ್ಬದ ಪೋಸ್ಟಿಗೆ 140 ಡಬ್ಬಿ ಹೋದದ್ದು

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಸಣ್ಣ ಬೇಕರಿ. 2025ರ ದೀಪಾವಳಿಗೆ ವಾಟ್ಸಾಪಲ್ಲಿ ಆರು ಸಾಲು ಬರೆದು ಕಳಿಸಿದೆ. ಒಂದು ಕೆಜಿ ತಿಂಡಿಯ ಡಬ್ಬಿ ಸುಮಾರು 140 ಹೋಯಿತು. ಹಿಂದಿನ ವರ್ಷಗಳಲ್ಲಿ ಇಪ್ಪತ್ತು ದಾಟುವುದೇ ಕಷ್ಟವಾಗಿತ್ತು. "ಇಷ್ಟು ಸಣ್ಣಗೆ ಮಾತಾಡಿದರೆ ಯಾರಿಗೆ ಕೇಳಿಸುತ್ತದೆ" ಅಂತ ನಮ್ಮಣ್ಣ ಕಳಿಸುವ ಹಿಂದಿನ ರಾತ್ರಿಯೂ ಹೇಳಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಕುತ್ತಿದ್ದ ಪೋಸ್ಟ್ ಹೇಗಿತ್ತು ಅಂತ ನಿಮಗೆಲ್ಲ ಗೊತ್ತೇ ಇದೆ. ಮೆಗಾ ಸೇಲ್, ಬಂಪರ್ ಆಫರ್, ಹರ್ರಿ ಅಪ್, ಎಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಕೆಳಗೆ ಕನ್ನಡದಲ್ಲಿ ಅದನ್ನೇ ಮತ್ತೊಂದು ಸಲ. ಒಂದು ದಿನ ಇಂಗ್ಲಿಷ್ ಪೂರ್ತಿ ತೆಗೆದು ಹಾಕಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ, ಇನ್ನು ಕೂಗಾಟ ಇರಲ್ಲ ಅಂದುಕೊಂಡೆ. ಹಾಗಾಗಲಿಲ್ಲ. ಕೂಗು ಬೇರೆ ಕಡೆ ಉಳಿದುಕೊಂಡಿತ್ತು. ಸಾಲಿಗೆ ಮೂರು ಮೂರು ಆಶ್ಚರ್ಯ ಚಿಹ್ನೆ, ಪ್ರತಿ ಪದದ ಎರಡೂ ಕಡೆ * ಹಾಕಿ ದಪ್ಪ ಮಾಡಿದ್ದು, "ಕೂಡಲೇ", "ಇಂದೇ", "ತಪ್ಪದೆ ಬನ್ನಿ". ಮೇಲಿನಿಂದ ಕೆಳಗೆ ಓದಿದರೆ ಐದನೆಯ ಸಾಲಿನವರೆಗೂ ತಿನ್ನುವ ವಸ್ತುವಿನ ಹೆಸರೇ ಬರುತ್ತಿರಲಿಲ್ಲ. ಫೋನ್ ಲಾಕ್ ಆಗಿದ್ದಾಗ ಮೇಲೆ ಕಾಣುವುದು ಮೊದಲ ಸಾಲಿನ ನಾಲ್ಕಾರು ಪದ ಮಾತ್ರ ಅಲ್ವಾ, ಅಲ್ಲಿ ನಮ್ಮದು ಹತ್ತು ದೀಪದ ಚಿತ್ರ, ಒಂದು ಬಂಪರ್.

2023ರಲ್ಲಿ ಫೇಸ್‌ಬುಕ್ಕಿಗೆ ಎರಡು ಸಾವಿರದ ಹತ್ತಿರ ಸುರಿದು ಅದೇ ಪೋಸ್ಟನ್ನು ಬೂಸ್ಟ್ ಮಾಡಿದೆ. ದಾವಣಗೆರೆಯವರೆಲ್ಲ ಲೈಕ್ ಒತ್ತಿದರು. ಅಲ್ಲಿಂದ ಒಂದು ಕೆಜಿ ಖಾರಕ್ಕೆ ಇಲ್ಲಿಗೆ ಯಾರು ಬರುತ್ತಾರೆ? ಮೂವತ್ತು ಡಬ್ಬಿ ಉಳಿಯಿತು. ಖಾರ ಹೇಗೋ ಬಿಡಿಯಾಗಿ ಹೋಯಿತು, ಹಾಲಿನ ಸ್ವೀಟ್ ಎಸೆದೆವು. ನಾಲ್ಕು ಸಾವಿರ ಅಲ್ಲೇ ಹೋಯಿತು.

2024ರಲ್ಲಿ ಪೂರ್ತಿ ಉಲ್ಟಾ ಮಾಡಿದೆ. ಮೆತ್ತಗೆ, ಪ್ರೀತಿಯಿಂದ, ಬೆಳಕಿನ ಹಬ್ಬ ನಿಮ್ಮ ಮನೆ ತುಂಬಲಿ ಅಂತೆಲ್ಲ ಬರೆದೆ. ಕೊನೆಯಲ್ಲಿ ಒಂದು ಸಾಲು ಸ್ವೀಟ್ ಬಗ್ಗೆ. ನೂರಕ್ಕೂ ಜಾಸ್ತಿ ಉತ್ತರ ಬಂತು, ಎಲ್ಲವೂ "ನಿಮಗೂ ಹಬ್ಬದ ಶುಭಾಶಯ" ಅಂತ. ಆರ್ಡರ್ ಹದಿನೈದು. ಶುಭಾಶಯ ಕಳಿಸಿದರೆ ಜನ ಶುಭಾಶಯವನ್ನೇ ವಾಪಸ್ ಕೊಡುತ್ತಾರೆ, ಅದು ಅವರ ತಪ್ಪಲ್ಲ. ನಾನು ಅವರಿಂದ ಏನನ್ನೂ ಕೇಳಿರಲೇ ಇಲ್ಲ.

ಬೆಚ್ಚಗಿರಬೇಕು, ಅವಸರವೂ ಇರಬೇಕು. ಅದು ಎರಡು ಬೇರೆ ಬೇರೆ ಸಾಲು ಅಂದುಕೊಂಡಿದ್ದೆ. ಬಿಡಿಸಿ ಹೇಳಿದ್ದು ನಮ್ಮ ಭಟ್ಟಿ ಹುಡುಗ. ಅವನದು ಹೊಸನಗರದ ಹತ್ತಿರದ ಊರು. "ಭಾನುವಾರ ಸಂಜೆ ನೀರು ತುಂಬೋ ಹಬ್ಬ, ಮಧ್ಯಾಹ್ನದ ಬಸ್ಸಿಗೆ ಬಿಡಿ ಅಣ್ಣ" ಅಂದ. ಹೌದಲ್ಲ, ಭಾನುವಾರ ಮಧ್ಯಾಹ್ನ ನಮ್ಮ ಭಟ್ಟಿ ನಿಜವಾಗಿಯೂ ಆರುತ್ತದೆ. ಇಷ್ಟು ವರ್ಷ "ಸ್ಟಾಕ್ ಇರುವವರೆಗೆ ಮಾತ್ರ" ಅಂತ ಸುಮ್ನೆ ಬರೆಯುತ್ತಿದ್ದೆ, ಅಸಲು ಕಾರಣ ಒಳಗೇ ನಿಂತು ಹಿಟ್ಟು ನಾದುತ್ತಿತ್ತು. ಆ ರಾತ್ರಿ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ಹಬ್ಬಕ್ಕೆ ಊರಿಗೆ ಹೊರಟೋರಿಗೆ ಒಂದು ಕೆಜಿ ಡಬ್ಬಿ ಕಟ್ತಾ ಇದ್ದೀವಿ.
ಬೆಣ್ಣೆ ಬಿಸ್ಕತ್ತು, ಖಾರ, ನಿಪ್ಪಟ್ಟು, ಮೈಸೂರು ಪಾಕು. ಬಸ್ಸಲ್ಲಿ ಪುಡಿಯಾಗದ ಹಾಗೆ ಕಟ್ಟಿರುತ್ತೆ.
ಡಬ್ಬಿಗೆ 420. ಶುಕ್ರವಾರ ರಾತ್ರಿಯೊಳಗೆ ಹೇಳಿದವರಿಗೆ 380, ಬೆಣ್ಣೆ ಎಷ್ಟು ತರಬೇಕು ಅಂತ ನಮಗೂ ಗೊತ್ತಾಗುತ್ತೆ.
ಭಾನುವಾರ ಮಧ್ಯಾಹ್ನ ಭಟ್ಟಿ ಆರಿಸ್ತೀವಿ. ನಮ್ಮ ಹುಡುಗರೂ ನೀರು ತುಂಬೋ ಹೊತ್ತಿಗೆ ಮನೆ ಸೇರಬೇಕು.
ಎಷ್ಟು ಡಬ್ಬಿ ಬೇಕು, ಬರೀ ಅಂಕಿ ಬರೆದು ಕಳಿಸಿ ಸಾಕು.
ಹೆಸರು ಬರೆದು ತೆಗೆದಿಟ್ಟಿರ್ತೀವಿ."

ಒಂದೂ ಆಶ್ಚರ್ಯ ಚಿಹ್ನೆ ಇಲ್ಲ, ದಪ್ಪ ಅಕ್ಷರ ಇಲ್ಲ. "ಆತ್ಮೀಯ ಗ್ರಾಹಕರೇ" ಅನ್ನುವುದನ್ನೂ ತೆಗೆದೆ, ಅದು ಬ್ಯಾಂಕಿನ ಕಾಗದದ ಹಾಗೆ ಕೇಳುತ್ತದೆ. ರಿಯಾಯಿತಿಗೆ ಒಂದು ಕಾರಣ, ಗಡುವಿಗೆ ಒಂದು ಕಾರಣ, ಎರಡೂ ನಮ್ಮ ಅಂಗಡಿಯ ಒಳಗಿನವು. ನಾಲ್ಕನೆಯ ಸಾಲೇ ಜಾಸ್ತಿ ಕೆಲಸ ಮಾಡಿತು. ಡಬ್ಬಿ ತೆಗೆದುಕೊಳ್ಳಲು ಬಂದವರಲ್ಲಿ ಎಷ್ಟೋ ಜನ "ಹುಡುಗರು ಯಾವ ಊರಿನವರು, ಬಸ್ ಸಿಗುತ್ತಾ" ಅಂತ ಕೇಳಿದರು.

ಅಂಕಿ ಕಳಿಸಿ ಅಂದದ್ದೂ ಚಿಕ್ಕ ವಿಷಯ ಅಲ್ಲ. ಮೊದಲು "ಆರ್ಡರಿಗೆ ಕರೆ ಮಾಡಿ" ಅಂತ ಇರುತ್ತಿತ್ತು. ಆಫೀಸಲ್ಲಿ ಕೂತವರು ಆಮೇಲೆ ಮಾಡೋಣ ಅಂತ ಬಿಡುತ್ತಿದ್ದರು. ಈಗ 2 ಅಂತ ಒತ್ತಿದರೆ ಮುಗಿಯಿತು. ಮಂಗಳವಾರ ಸಂಜೆ ಆರೂವರೆಗೆ ಕಳಿಸಿದೆ, ಒಂಬತ್ತರೊಳಗೆ ಐವತ್ತು ಡಬ್ಬಿ ಆಗಿತ್ತು. ಬೆಳಿಗ್ಗೆ ಕಳಿಸಿ ನೋಡಿದ್ದು ಗಣಪತಿ ಹಬ್ಬಕ್ಕೆ. ಜನ ನೋಡುತ್ತಾರೆ, ಉತ್ತರ ಕೊಡುವುದಿಲ್ಲ.

ಇದಕ್ಕೂ ಮುಂಚೆಯೇ ಇನ್ನೊಂದು ಗೊತ್ತಾಗಿತ್ತು. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ ಇದೆ, ನಾನು ಮೂರು ಲಿಸ್ಟ್ ಮಾಡಿಟ್ಟಿದ್ದೆ. ಆದರೆ ನಮ್ಮ ನಂಬರನ್ನು ಅವರ ಫೋನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಮೆಸೇಜಿನ ಮಾಹಿತಿ ತೆರೆದು ನೋಡಿದರೆ ಅರ್ಧದಷ್ಟು ಜನಕ್ಕೆ ಮುಟ್ಟಿಯೇ ಇರಲಿಲ್ಲ. ವರ್ಷಗಟ್ಟಲೆ ಪೋಸ್ಟ್ ಸರಿ ಇಲ್ಲ ಅಂತ ಕೊರಗಿದ್ದರಲ್ಲಿ ಅರ್ಧ ಇದೇ ಕಾರಣ ಇರಬೇಕು. ದಸರಾ ಹೊತ್ತಿಗೆ ಕೌಂಟರಿನಲ್ಲಿ ಬಿಲ್ ಕೊಡುವಾಗಲೇ ಸೇವ್ ಮಾಡಿಸಿಕೊಂಡೆವು. ಅದಕ್ಕೆ ಜನರನ್ನು ಒಪ್ಪಿಸುವ ಒಂದು ಮಾತಿದೆ, ಇಲ್ಲಿ ಬರೆಯುವುದಿಲ್ಲ. ನಮ್ಮ ರಸ್ತೆಯಲ್ಲೇ ಇನ್ನೂ ಎರಡು ಬೇಕರಿ ಇವೆ.

ತೀರ್ಥಹಳ್ಳಿ, ಹೊಸನಗರ ಕಡೆಯ ಮೂಲದವರಿಗೆ ಬೇರೆ ಲಿಸ್ಟ್ ಮಾಡಿ ಒಂದು ಸಾಲು ಸೇರಿಸಿದ್ದೆ: "ರಾತ್ರಿ ಅಂಟಿಕೆ ಪಂಟಿಕೆಯವರು ಬಂದರೆ ಕೊಡೋಕೆ ಸಣ್ಣ ಖಾರದ ಪೊಟ್ಟಣವೂ ಇದೆ." ಹತ್ತು ರೂಪಾಯಿಯ ಪೊಟ್ಟಣ, ಮುನ್ನೂರರ ಹತ್ತಿರ ಹೋಯಿತು. ಅದೇ ಸಾಲನ್ನು ಪೇಟೆಯವರ ಲಿಸ್ಟಿಗೂ ಹಾಕಿ ನೋಡಿದೆ, ಒಬ್ಬರೂ ಕೇಳಲಿಲ್ಲ. ಅವರ ಬಾಗಿಲಿಗೆ ದೀಪ ಹಿಡಿದು ಹಾಡಿಕೊಂಡು ಯಾರೂ ಬರುವುದಿಲ್ಲವಲ್ಲ.

ಗುರುವಾರದಿಂದ ಸ್ಟೇಟಸ್ಸಿಗೆ ಬಿಸಿ ಟ್ರೇಯ ಫೋಟೋ, ಕೆಳಗೆ ಉಳಿದ ಲೆಕ್ಕ. ಇದು ನಿಜದ ಲೆಕ್ಕವೇ ಆಗಿರಬೇಕು. ಒಂದು ಯುಗಾದಿಗೆ ನಲವತ್ತು ಡಬ್ಬಿ ಇದ್ದಾಗ "ಹತ್ತೇ ಉಳಿದಿದೆ" ಅಂತ ಹಾಕಿದ್ದೆ. ಹಳೇ ಗಿರಾಕಿ ಒಬ್ಬರು ಓಡಿಕೊಂಡು ಬಂದರು, ಹಿಂದಿನ ರಾಶಿ ನೋಡಿದರು, ಏನೂ ಅನ್ನದೆ ಒಂದು ಡಬ್ಬಿ ತೆಗೆದುಕೊಂಡು ಹೋದರು. ಆಮೇಲೆ ಆರು ತಿಂಗಳು ಅವರು ಬರಲಿಲ್ಲ. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ಗಡುವು ಹಾಕುವುದಕ್ಕಿಂತ ಕಷ್ಟ ಅದನ್ನು ಉಳಿಸಿಕೊಳ್ಳುವುದು. ಶನಿವಾರ ಬೆಳಿಗ್ಗೆ ನಮ್ಮತ್ತೆಯೇ ಫೋನ್ ಮಾಡಿ 380ಕ್ಕೆ ಐದು ಡಬ್ಬಿ ಕೇಳಿದರು. 420 ಅಂದೆ. ಬೇಜಾರಾದರು, ತೆಗೆದುಕೊಂಡರು. ಭಾನುವಾರ ಒಂದು ಗಂಟೆಗೆ ಭಟ್ಟಿ ಆರಿಸಿದೆವು. ಆಮೇಲೆ ಬಂದ ಏಳೆಂಟು ಜನರಿಗೆ ಇಲ್ಲ ಅಂದೆ. ಅಣ್ಣ ಒಳಗಿನಿಂದ ಗೊಣಗುತ್ತಲೇ ಇದ್ದ, ಗಲ್ಲಾ ಎಣಿಸಿದ ಮೇಲೆ ಸುಮ್ಮನಾದ. ಖರ್ಚೆಲ್ಲ ಕಳೆದು ಹದಿನಾಲ್ಕು ಸಾವಿರದಷ್ಟು ಉಳಿದಿತ್ತು, ಪೋಸ್ಟಿಗೆ ಆದ ಖರ್ಚು ಸೊನ್ನೆ.

ಮುಂದಿನ ದೀಪಾವಳಿಗೆ ಒಂದು ದಿನ ಮುಂಚೆಯೇ ಭಟ್ಟಿ ಆರಿಸೋಣ ಅಂತ ಹುಡುಗರು ಈಗಲೇ ಕೇಳುತ್ತಿದ್ದಾರೆ. ಹಾಗಾದರೆ ಪೋಸ್ಟನ್ನು ಸೋಮವಾರಕ್ಕೋ ಭಾನುವಾರಕ್ಕೋ ತರಬೇಕು, ಬೆಣ್ಣೆಯವನಿಗೂ ಮೊದಲೇ ಹೇಳಬೇಕು. ಆ ಲೆಕ್ಕ ಇನ್ನೂ ಕೂತು ಹಾಕಿಲ್ಲ.