ಸಾದಾ ಜಾಕೆಟ್‌ಗೆ ಲೆದರ್ ಲುಕ್: ಫೋಟೋದಲ್ಲಿ ಬೆಳಕು ಬದಲಿಸುವ ಕೆಲಸ

ಫೋಟೋದಲ್ಲಿರುವ ಕಾಟನ್ ಜಾಕೆಟ್ಟನ್ನು ಲೆದರ್ ಜಾಕೆಟ್ ಮಾಡಬೇಕು ಅಂದರೆ ಹೆಚ್ಚಿನವರು ಮೊದಲು ಹುಡುಕುವುದು ಲೆದರ್ ಟೆಕ್ಸ್ಚರ್ ಚಿತ್ರವನ್ನು. ಅದನ್ನು ಜಾಕೆಟ್ ಮೇಲೆ ಅಂಟಿಸುತ್ತಾರೆ, ಬಣ್ಣ ಕಪ್ಪು ಮಾಡುತ್ತಾರೆ. ನೋಡಿದರೆ ಲೆದರ್ ಪ್ರಿಂಟ್ ಇರುವ ಬಟ್ಟೆಯ ಹಾಗೆ ಕಾಣುತ್ತದೆ. ಕಾರಣ ಇಷ್ಟೇ: ಬಟ್ಟೆ ಮತ್ತು ಚರ್ಮದ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಬೆಳಕನ್ನು ಹಿಂದಕ್ಕೆ ಕಳಿಸುವ ರೀತಿಯಲ್ಲಿ. ಕಾಟನ್ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಹಾಗಾಗಿ ಅದರ ಮೇಲೆ ಬೆಳಕಿನಿಂದ ನೆರಳಿಗೆ ನಿಧಾನವಾಗಿ ಇಳಿಯುತ್ತೇವೆ. ಮೇಲ್ಮೈಗೆ ಫಿನಿಶ್ ಹಾಕಿದ ಚರ್ಮ ಬದನೆಕಾಯಿಯ ಹಾಗೆ. ಮೈಯೆಲ್ಲ ಕಡು ಬಣ್ಣ, ಒಂದು ಕಡೆ ಮಾತ್ರ ಕಿರಿದಾದ, ಅಂಚು ಸ್ಪಷ್ಟವಾಗಿರುವ ಬಿಳಿ ಹೊಳಪು.

ಅದಕ್ಕೇ ಇಲ್ಲಿ ಟೆಕ್ಸ್ಚರ್ ಬಿಟ್ಟು ಹೊಳಪು, ಸುಕ್ಕು, ಹೊಲಿಗೆ ಈ ಮೂರನ್ನು ಮಾಡೋಣ. ಫೋಟೋ ತಿದ್ದಲು ಉಚಿತವಾಗಿ ಸಿಗುವ GIMP ಎಂಬ ಸಾಫ್ಟ್‌ವೇರ್ ಸಾಕು. ಕೆಳಗಿನ ಹೆಸರುಗಳು ಅದರ 2.10 ಆವೃತ್ತಿಯಲ್ಲಿ ಕಾಣುವಂಥವು.

ಫೋಟೋ ಆರಿಸುವುದು

ಉದಾಹರಣೆಗೆ ಹೀಗೊಂದು ಫೋಟೋ ಇಟ್ಟುಕೊಳ್ಳೋಣ. ಎಡಗಡೆ ಕಿಟಕಿ, ಅದರ ಬೆಳಕು ಎಡ ಮೇಲಿನಿಂದ ಬೀಳುತ್ತಿದೆ. ನಿಂತವರು ಬೂದು ಬಣ್ಣದ, ಜಿಪ್ ಇರುವ ಕಾಟನ್ ಜಾಕೆಟ್ ತೊಟ್ಟಿದ್ದಾರೆ. ಒಂದು ಮೊಣಕೈ ಮಡಚಿದೆ. ಈ ಕೆಲಸಕ್ಕೆ ಬೂದು ಬಣ್ಣವೇ ಒಳ್ಳೆಯದು. ಕಪ್ಪು ಜಾಕೆಟ್‌ನಲ್ಲಿ ನೆರಳಿನ ವಿವರ ಕಳೆದುಹೋಗಿರುತ್ತದೆ, ಬಿಳಿಯದರಲ್ಲಿ ಬೆಳಕಿನ ವಿವರ. ಎದುರಿನಿಂದ ಫ್ಲ್ಯಾಶ್ ಹೊಡೆದ ಫೋಟೋ ಬೇಡವೇ ಬೇಡ. ಅದರಲ್ಲಿ ಮಡಿಕೆಗಳ ಉಬ್ಬುತಗ್ಗು ಅಳಿಸಿಹೋಗಿರುತ್ತದೆ, ನಮಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ತೆಳು ಬಟ್ಟೆಯ ಜೋಲುವ ಜಾಕೆಟ್ ಕೂಡ ಆಗದು, ಚರ್ಮ ಅಷ್ಟು ಸಣ್ಣ ಸಣ್ಣ ನೆರಿಗೆಯಾಗಿ ಬೀಳುವುದಿಲ್ಲ.

ಈಗ ಒಂದು ಅಳತೆ ತೆಗೆದುಕೊಳ್ಳಿ. ದೊಡ್ಡವರ ಜಾಕೆಟ್ ತೋಳು ಭುಜದಿಂದ ಕಫ್‌ವರೆಗೆ ಸುಮಾರು 60 ಸೆಂಟಿಮೀಟರ್ ಇರುತ್ತದೆ. ನಮ್ಮ ಫೋಟೋದಲ್ಲಿ ಅದು 1200 ಪಿಕ್ಸೆಲ್ ಇದೆ ಎಂದುಕೊಳ್ಳಿ. ಅಂದರೆ 1 ಸೆಂಟಿಮೀಟರಿಗೆ 20 ಪಿಕ್ಸೆಲ್. ಈ ಒಂದು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹೊಲಿಗೆ ಹಾಕುವಾಗ ಬೇಕಾಗುತ್ತದೆ.

ಜಾಕೆಟ್ ಬೇರೆ ಮಾಡಿ, ಕಪ್ಪಾಗಿಸಿ

Paths ಟೂಲ್ ಹಿಡಿದು ಜಾಕೆಟ್ ಸುತ್ತ ಗೆರೆ ಎಳೆಯಿರಿ. ಅದನ್ನು ಸೆಲೆಕ್ಷನ್ ಮಾಡಿ, ಅಂಚನ್ನು 1 ಪಿಕ್ಸೆಲ್‌ನಷ್ಟು ಮೆದು ಮಾಡಿ. ಒಂದು ಲೇಯರ್ ಗ್ರೂಪ್ ಮಾಡಿ, ಫೋಟೋದ ಒಂದು ಪ್ರತಿಯನ್ನು ಅದರೊಳಗೆ ತನ್ನಿ, ಆಮೇಲೆ ಈ ಸೆಲೆಕ್ಷನ್ನನ್ನೇ ಗ್ರೂಪಿನ ಮಾಸ್ಕ್ ಆಗಿ ಹಾಕಿ. ಇನ್ನು ಮುಂದಿನ ಎಲ್ಲ ಲೇಯರ್‌ಗಳೂ ಈ ಗ್ರೂಪಿನೊಳಗೇ ಇರಲಿ. ಆಗ ಏನೇ ಬಳಿದರೂ ಜಾಕೆಟ್ ಆಚೆಗೆ ಹೋಗುವುದಿಲ್ಲ.

ಗ್ರೂಪಿನೊಳಗಿರುವ ಫೋಟೋದ ಪ್ರತಿಯನ್ನು Desaturate ಮಾಡಿ. ಬಟ್ಟೆಯ ನೇಯ್ಗೆ ಕಾಣುತ್ತಿದ್ದರೆ Selective Gaussian Blur ಹಾಕಿ ಅದನ್ನು ಅಳಿಸಿ. ಇದನ್ನು ಬಿಟ್ಟರೆ ಕೊನೆಯವರೆಗೂ ನೇಯ್ಗೆ ಇಣುಕುತ್ತಲೇ ಇರುತ್ತದೆ. ಈ ಹಂತದಲ್ಲಿ ಲೇಯರಿನ ಇನ್ನೊಂದು ಪ್ರತಿ ತೆಗೆದು ಮೇಲೆ ಇಟ್ಟುಕೊಳ್ಳಿ. ಕೆಳಗಿನದನ್ನು Curves ಬಳಸಿ ಚೆನ್ನಾಗಿ ಕಪ್ಪು ಮಾಡಿ. ಪೂರ್ತಿ ಕಪ್ಪಲ್ಲ, ದೊಡ್ಡ ಮಡಿಕೆಗಳು ಮಬ್ಬಾಗಿ ಕಾಣುವಷ್ಟು ಉಳಿಯಲಿ.

ಹೊಳಪು

ಮೇಲೆ ಇಟ್ಟುಕೊಂಡ ಬೂದು ಪ್ರತಿಯಿಂದಲೇ ಹೊಳಪು ಹುಟ್ಟಬೇಕು. ಇಲ್ಲಿ ಕೆಲಸದ ಕ್ರಮ ತುಂಬ ಮುಖ್ಯ. ಮೊದಲು ಅದಕ್ಕೆ 4 ಪಿಕ್ಸೆಲ್ Gaussian Blur ಕೊಡಿ, ಆಮೇಲೆ Curves ತೆರೆಯಿರಿ. ಮೊದಲೇ ಮಸುಕು ಮಾಡಿದ್ದರಿಂದ ಸಣ್ಣಪುಟ್ಟ ಕಲೆಗಳೆಲ್ಲ ಕರಗಿರುತ್ತವೆ. ಅದರ ಮೇಲೆ ಕಡಿದಾದ ಕರ್ವ್ ಬಿದ್ದಾಗ ಹೊಳಪಿನ ಆಕಾರ ನಯವಾಗಿಯೂ ಅಂಚು ಚೂಪಾಗಿಯೂ ಬರುತ್ತದೆ. ಇದನ್ನೇ ಹಿಂದುಮುಂದು ಮಾಡಿದರೆ ಚೂಪಾದ ಅಂಚು ಮತ್ತೆ ಮಸುಕಾಗಿ, ಬಟ್ಟೆಗೇ ವಾಪಸ್ ಬರುತ್ತೀರಿ.

ಕರ್ವ್ ಎಲ್ಲಿಂದ ಏರಬೇಕು? 0 ಎಂಬ ಕಪ್ಪಿನಿಂದ 255 ಎಂಬ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ಆ ಪೆಟ್ಟಿಗೆಯಲ್ಲೇ ಕಾಣುತ್ತದೆ. ನಮ್ಮ ಜಾಕೆಟ್‌ನ ಬೂದು ಸುಮಾರು 60ರಿಂದ 170ರವರೆಗೆ ಹರಡಿದೆ ಅಂದುಕೊಳ್ಳಿ. ಹಾಗಾದರೆ 135ರವರೆಗೆ ಗೆರೆಯನ್ನು ನೆಲಕ್ಕೇ ಒತ್ತಿಡಿ. ಅಲ್ಲಿಂದ 165ರೊಳಗೆ ಅದು ಮೇಲಕ್ಕೆ ಮುಟ್ಟಲಿ. ಲೇಯರ್ ಬಹುತೇಕ ಕಪ್ಪಾಗಿ, ಅಲ್ಲಲ್ಲಿ ಬಿಳಿ ಪಟ್ಟಿಗಳು ಮಾತ್ರ ಉಳಿಯುತ್ತವೆ. ಲೇಯರ್ ಮೋಡನ್ನು Screen ಮಾಡಿದರೆ ಕಪ್ಪು ಮಾಯವಾಗಿ ಬಿಳಿ ಮಾತ್ರ ನಿಲ್ಲುತ್ತದೆ. ಏರು ಕಡಿದಾದಷ್ಟೂ ಚರ್ಮ ಹೊಸದಾಗಿ, ಪಾಲಿಶ್ ಹಾಕಿದಂತೆ ಕಾಣುತ್ತದೆ. ತೀರಾ ಕಡಿದಾದರೆ ಒದ್ದೆ ರೇನ್‌ಕೋಟ್ ಆಗಿಬಿಡುತ್ತದೆ. ಸ್ವಲ್ಪ ಓರೆಯಾಗಿಸಿದರೆ ಬಳಸಿ ಮೆತ್ತಗಾದ ಜಾಕೆಟ್.

ಇನ್ನು ಕೈಕೆಲಸ. ಕಂಕುಳಲ್ಲಿ, ಕಾಲರಿನ ಒಳಮೈಯಲ್ಲಿ ಹೊಳಪು ಬಂದಿದ್ದರೆ ಕಪ್ಪು ಬ್ರಷ್‌ನಿಂದ ಮುಚ್ಚಿ. ಕಿಟಕಿ ಕಡೆಯ ಭುಜ, ಮೇಲ್ತೋಳು, ಕಾಲರಿನ ಅಂಚು, ಮೊಣಕೈಯ ಹೊರಬದಿ, ಇಲ್ಲಿ ಹೊಳಪು ಉಳಿಯಬೇಕು. ನಿಜವಾದ ಚರ್ಮವನ್ನು ಗಮನಿಸಿ ನೋಡಿ: ಹೊಳಪಿನ ಎರಡೂ ಬದಿ ಒಂದೇ ಥರ ಇರುವುದಿಲ್ಲ. ಸುಕ್ಕಿಗೆ ತಾಗಿದ ಬದಿ ಕತ್ತರಿಸಿದಂತೆ ನಿಲ್ಲುತ್ತದೆ, ಇನ್ನೊಂದು ಬದಿ ಮೆಲ್ಲಗೆ ಕರಗುತ್ತದೆ. ಕರಗಬೇಕಾದ ಬದಿಯನ್ನು Smudge ಟೂಲಿನಿಂದ ಹಗುರವಾಗಿ ಎಳೆಯಿರಿ. ಇಷ್ಟು ಮಾಡಿದ ಮೇಲೆ ಚಿತ್ರದ ಗತ್ತೇ ಬೇರೆ.

ಹೊಳಪಿಗೆ ಬಣ್ಣವೂ ಇದೆ. ಅದು ಜಾಕೆಟ್‌ದಲ್ಲ, ಬೆಳಕಿನದು. ಹಗಲು ಕಿಟಕಿಯ ಬೆಳಕಾದರೆ ತುಸು ನೀಲಿ, ಹಳದಿ ಬಲ್ಬ್ ಆದರೆ ತುಸು ಹಳದಿ. ಅದೇ ಫೋಟೋದಲ್ಲಿ ಮೂಗಿನ ಮೇಲಿನ ಅಥವಾ ವಾಚಿನ ಮೇಲಿನ ಹೊಳಪು ನೋಡಿ ಹೊಂದಿಸಿ.

ಸುಕ್ಕು: ಗೆರೆಯಲ್ಲ, ತಗ್ಗು

ಕಪ್ಪು ಗೆರೆ ಎಳೆದರೆ ಸುಕ್ಕು ಆಗುವುದಿಲ್ಲ, ಪೆನ್ನಿನ ಗೀಟಾಗುತ್ತದೆ. ಸುಕ್ಕು ಒಂದು ತಗ್ಗು. ಅದಕ್ಕೆ ಎರಡು ಗೋಡೆ. ಎಡದಿಂದ ಬೆಳಕು ಬಂದರೆ ತಗ್ಗಿನ ಎಡ ಗೋಡೆ ಬೆಳಕಿಗೆ ಬೆನ್ನು ಹಾಕಿರುತ್ತದೆ, ಅದು ಕಪ್ಪು. ಬಲ ಗೋಡೆ ಬೆಳಕಿಗೆ ಮುಖ ಮಾಡಿರುತ್ತದೆ, ಅದು ಬಿಳಿ. ಇದನ್ನು ಪ್ರತಿ ಸುಕ್ಕಿಗೂ ಕೈಯಲ್ಲಿ ಬರೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ತಿರುವುಮುರುವು ಆಗಿಯೇ ಆಗುತ್ತದೆ. GIMP ನಮ್ಮ ಪರವಾಗಿ ಮಾಡಲಿ.

ಎರಡು ಹೊಸ ಲೇಯರ್ ತೆಗೆದುಕೊಳ್ಳಿ, ಎರಡಕ್ಕೂ 808080 ಎಂಬ ನಡು ಬೂದು ತುಂಬಿ. ಒಂದಕ್ಕೆ ‘ಏರುತಗ್ಗು’, ಇನ್ನೊಂದಕ್ಕೆ ‘ನೆರಳು’ ಎಂದು ಹೆಸರಿಡಿ. ‘ಏರುತಗ್ಗು’ ಲೇಯರಿನಲ್ಲಿ ಕಡು ಬೂದು ಬಳಿದರೆ ತಗ್ಗು, ತಿಳಿ ಬೂದು ಬಳಿದರೆ ಉಬ್ಬು. ಬರೆಯುವಾಗ ಇದರ ಒಪಾಸಿಟಿ ಅರ್ಧಕ್ಕೆ ಇಳಿಸಿದರೆ ಕೆಳಗಿನ ಜಾಕೆಟ್ ಕಾಣುತ್ತದೆ.

ಸುಕ್ಕು ಎಲ್ಲಿ ಬೀಳುತ್ತದೆ ಎನ್ನುವುದಕ್ಕೆ ಲೆಕ್ಕ ಇದೆ. ಚರ್ಮ ಒತ್ತಿಕೊಳ್ಳುವ ಕಡೆ ಮಾತ್ರ. ಮೊಣಕೈ ಮಡಚಿದಾಗ ಒಳಬದಿ ಕುಗ್ಗುತ್ತದೆ, ಹೊರಬದಿ ಎಳೆದುಕೊಂಡು ನುಣುಪಾಗುತ್ತದೆ. ಹಾಗಾಗಿ ಸುಕ್ಕೆಲ್ಲ ಒಳಗೆ, ಹೊಳಪೆಲ್ಲ ಹೊರಗೆ. ಕಂಕುಳ ಹತ್ತಿರ ಮತ್ತು ಸೊಂಟದ ಪಟ್ಟಿಯ ಮೇಲ್ಭಾಗದಲ್ಲೂ ಸುಕ್ಕು ಬರುತ್ತದೆ. ಎದೆಯ ಅಗಲ ಭಾಗದಲ್ಲಿ ಸುಮ್ನೆ ಗೀಚಬೇಡಿ. ಬಟ್ಟೆಯ ಮಡಿಕೆ ಉದ್ದ, ಮೆದು. ಚರ್ಮದ ಸುಕ್ಕು ಗಿಡ್ಡ, ಬಿಗಿ, ತುದಿಯಲ್ಲಿ ಕವಲೊಡೆಯುತ್ತದೆ. ಫೋಟೋದಲ್ಲಿ ಈಗಾಗಲೇ ಇರುವ ಮಡಿಕೆಯ ಆಳದಿಂದ ಶುರುಮಾಡಿ, 4 ಪಿಕ್ಸೆಲ್ ಮೆದು ಬ್ರಷ್‌ನಲ್ಲಿ ಬರೆಯಿರಿ. ನಡುವೆ ದಪ್ಪ, ತುದಿಗೆ ಸಣ್ಣ. ಮೌಸ್‌ನಲ್ಲಿ ಬರೆಯುವವರು ತುದಿಗಳ ಮೇಲೆ ಮತ್ತೆ 808080 ಬಣ್ಣವನ್ನೇ ಹಗುರವಾಗಿ ಬಳಿದು ಸಣ್ಣ ಮಾಡಿಕೊಳ್ಳಬಹುದು. ಒಂದಕ್ಕೊಂದು ಸಮಾನಾಂತರವಾಗಿ, ಒಂದೇ ಅಂತರದಲ್ಲಿ ಸುಕ್ಕುಗಳು ನಿಂತರೆ ಕಣ್ಣು ತಕ್ಷಣ ಹಿಡಿಯುತ್ತದೆ.

ಚರ್ಮದ ಮೇಲಿನ ಸಣ್ಣ ಕಾಳು ಕಾಳು ವಿನ್ಯಾಸ? ಹಸುವಿನ ಚರ್ಮದಲ್ಲಿ ಅದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ನಮ್ಮ ಅಳತೆಯಲ್ಲಿ 2 ಪಿಕ್ಸೆಲ್. ಇಷ್ಟು ದೂರದ ಫೋಟೋದಲ್ಲಿ ಅದು ಕಾಣಲೇಬಾರದು. ಹೊಳಪಿನ ಲೇಯರಿಗೆ HSV Noise ತೆರೆದು, Value ಒಂದನ್ನೇ ತುಸು ಏರಿಸಿ ಬಿಡಿ, ಸಾಕು. ದೊಡ್ಡ ಕಾಳು ಹಾಕಿದರೆ ಜಾಕೆಟ್ ಬೊಂಬೆಯದರ ಹಾಗೆ ಕಾಣುತ್ತದೆ.

ಹೊಲಿಗೆ

ಹೊಲಿಗೆಯೂ ‘ಏರುತಗ್ಗು’ ಲೇಯರಿನಲ್ಲೇ ಬರಬೇಕು. ತೋಳು ಭುಜಕ್ಕೆ ಸೇರುವ ಕಡೆ, ಜೇಬಿನ ಬಾಯಿ, ಜಿಪ್ಪಿನ ಪಕ್ಕ, ಕಾಲರ್, ಹೀಗೆ ಮೂಲ ಜಾಕೆಟ್‌ನಲ್ಲಿ ಜೋಡಣೆ ಇರುವಲ್ಲೆಲ್ಲ Paths ಟೂಲಿನಿಂದ ಗೆರೆ ಹಾಕಿ. ಮೊದಲು Stroke Path ಕೊಟ್ಟು 12 ಪಿಕ್ಸೆಲ್ ಅಗಲದ ತಿಳಿ ಬೂದು ಪಟ್ಟಿ ಎಳೆಯಿರಿ, ಅದನ್ನು ಮಸುಕು ಮಾಡಿ. ಒಳಗೆ ಮಡಚಿದ ಚರ್ಮದ ದಪ್ಪ ಇದು. ಅದರ ನಡುವೆ 2 ಪಿಕ್ಸೆಲ್ ಕಡು ಗೆರೆ, ಎರಡು ತುಂಡು ಸೇರುವ ಸಂದು.

ಮೇಲೆ ಕಾಣುವ ದಾರದ ಹೊಲಿಗೆ ಆ ಸಂದಿನಿಂದ ಸುಮಾರು 3 ಮಿಲಿಮೀಟರ್ ದೂರ ಓಡುತ್ತದೆ. ನಮಗೆ 6 ಪಿಕ್ಸೆಲ್. ನೇರ ಹೊಲಿಗೆಯಾದರೆ ಪಾತ್‌ನ ಪ್ರತಿಯನ್ನು ಪಕ್ಕಕ್ಕೆ ಸರಿಸಿದರೆ ಆಯಿತು. ಬಾಗಿದ್ದರೆ ಹೊಸದಾಗಿಯೇ ಎಳೆಯಬೇಕು. ಚರ್ಮಕ್ಕೆ ಬಟ್ಟೆಗಿಂತ ಉದ್ದ ಹೊಲಿಗೆ ಹಾಕುತ್ತಾರೆ. ಸೂಜಿಯ ತೂತುಗಳು ಒತ್ತೊತ್ತಾದರೆ ಆ ಸಾಲಿನಲ್ಲೇ ಚರ್ಮ ಹರಿಯುತ್ತದೆ. ಒಂದೊಂದು ಹೊಲಿಗೆ 3.5 ಮಿಲಿಮೀಟರ್ ಎಂದು ಹಿಡಿದರೆ 7 ಪಿಕ್ಸೆಲ್, ನಡುವೆ 2 ಪಿಕ್ಸೆಲ್ ಬಿಡುವು.

ಇದಕ್ಕೆ 7 ಪಿಕ್ಸೆಲ್ ಉದ್ದದ, ಚಪ್ಪಟೆ ಮಾಡಿದ ಬ್ರಷ್ ಬೇಕು. Spacing ಸುಮಾರು 130, Dynamics ಜಾಗದಲ್ಲಿ Track Direction. ನಂತರ Stroke Path ಪೆಟ್ಟಿಗೆಯಲ್ಲಿ ಬ್ರಷ್ ಆರಿಸಿ, Emulate brush dynamics ಗುರುತು ಹಾಕಿ. ಇದನ್ನು ಮರೆತರೆ ಹೊಲಿಗೆಗಳು ಬಾಗುವಲ್ಲಿ ತಿರುಗದೆ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಎಲ್ಲ ಅಡ್ಡಡ್ಡ ಬಂದರೆ ಬ್ರಷ್‌ನ Angle 90 ಡಿಗ್ರಿ ಬದಲಿಸಿ. ದಾರಕ್ಕೆ ಮುಂಚೆ ಅದೇ ಪಾತ್ ಮೇಲೆ ಒಂದು ಮೆದುವಾದ ಕಡು ಗೆರೆ ಹಾಕಲು ಮರೆಯಬೇಡಿ. ದಾರ ಬಿಗಿಯಾಗಿ ಎಳೆದು ಚರ್ಮವನ್ನು ಒಳಕ್ಕೆ ಒತ್ತಿರುತ್ತದೆ. ಆ ತಗ್ಗು ಇಲ್ಲದಿದ್ದರೆ ಹೊಲಿಗೆ ಮೇಲೆ ತೇಲುತ್ತದೆ. ತೋಳಿನ ಜೋಡಣೆಯ ಪಕ್ಕ, ಸಂದಿಗೆ ಅಡ್ಡವಾಗಿ ಒಂದೆರಡು ಗಿಡ್ಡ ಸುಕ್ಕು ಸೇರಿಸಿದರೆ ಇನ್ನೂ ಚೆನ್ನ.

ಒಂದೇ ಬೆಳಕು

‘ಏರುತಗ್ಗು’ ಲೇಯರಿಗೆ 1 ಪಿಕ್ಸೆಲ್ ಮಸುಕು ಕೊಟ್ಟು, ಅದು ಕಾಣದಂತೆ ಮರೆಮಾಡಿ. ‘ನೆರಳು’ ಲೇಯರ್ ಆರಿಸಿ, Filters > Map > Bump Map ತೆರೆಯಿರಿ. Aux Input ಜಾಗದಲ್ಲಿ ‘ಏರುತಗ್ಗು’ ಕೊಡಿ. Azimuth 135 ಅಂದರೆ ಎಡ ಮೇಲಿನ ಬೆಳಕು, ನಮ್ಮ ಕಿಟಕಿಗೆ ಸರಿಹೊಂದುತ್ತದೆ. Depth 5ರಿಂದ ಶುರುಮಾಡಿ. Compensate for darkening ಗುರುತು ಇರಲಿ, ಸಮತಟ್ಟಾದ ಜಾಗ ನಡು ಬೂದಾಗಿಯೇ ಉಳಿಯಲು ಅದು ಬೇಕು. ಈ ಲೇಯರನ್ನು ಹೊಳಪಿನ ಮೇಲೆ ಇಟ್ಟು ಮೋಡ್ Hard light ಮಾಡಿ. Overlay ಹಾಕಿದರೆ ಕಪ್ಪು ಜಾಕೆಟ್ ಮೇಲೆ ಏನೂ ಕಾಣದು, ಯಾಕೆಂದರೆ ಅದು ಕೆಳಗಿನ ಬಣ್ಣ ನೋಡಿ ಕೆಲಸ ಮಾಡುತ್ತದೆ. Hard light ಮೇಲಿನ ಲೇಯರನ್ನು ನೋಡುತ್ತದೆ. ಹಾಗಾಗಿ ಕಪ್ಪಿನ ಮೇಲೂ ಸುಕ್ಕಿನ ಬಿಳಿ ಅಂಚು ಮೂಡುತ್ತದೆ, ಹೊಳಪಿನ ನಡುವೆ ಸುಕ್ಕು ಹಾದಾಗ ಹೊಳಪು ತುಂಡಾಗುತ್ತದೆ.

ಸುಕ್ಕುಗಳು ತಗ್ಗಾಗುವ ಬದಲು ನರಗಳ ಹಾಗೆ ಉಬ್ಬಿ ಕಂಡರೆ ಬೆಳಕಿನ ದಿಕ್ಕು ಉಲ್ಟಾ ಆಗಿದೆ ಎಂದರ್ಥ, Azimuth ಬದಲಿಸಿ ಮತ್ತೆ ಮಾಡಿ. ಚಿತ್ರವನ್ನು 25 ಪರ್ಸೆಂಟಿಗೆ ಇಳಿಸಿಯೂ ನೋಡಿ. ಆ ಗಾತ್ರದಲ್ಲಿ ಹೊಳಪು ಮೊದಲು ಕಣ್ಣಿಗೆ ಬೀಳಬೇಕು. ಹೊಲಿಗೆಯೇ ಮೊದಲು ಕಂಡರೆ ಅದು ಜಾಸ್ತಿಯಾಗಿದೆ, ‘ಏರುತಗ್ಗು’ ಲೇಯರಿನಲ್ಲಿ ಅದರ ಬೂದನ್ನು ತಗ್ಗಿಸಿ.

ಫೈಲನ್ನು ಲೇಯರ್‌ಗಳ ಸಮೇತ XCF ಆಗಿ ಉಳಿಸಿ. ಕಂದು ಜಾಕೆಟ್ ಬೇಕೆನಿಸಿದರೆ ತೀರಾ ಕೆಳಗಿನ ಕಪ್ಪು ಲೇಯರಿಗೆ ಮಾತ್ರ Colorize ಕೊಟ್ಟು ತುಸು ತಿಳಿಯಾಗಿಸಿ. ಹೊಳಪಿನ ಲೇಯರಿಗೆ ಕಂದು ಬೆರೆಸಬೇಡಿ, ಅದು ಕಿಟಕಿಯ ಬಣ್ಣದಲ್ಲೇ ಇರಲಿ.