ಕಣ್ಣು ಸರಿದ 27 ಸೆಕೆಂಡು: ಮನೆಯಿಂದ ಆನ್‌ಲೈನ್ ಪರೀಕ್ಷೆ ಬರೆಯುವುದು ಹೇಗೆ

ಕ್ಯಾಮೆರಾ ಕಾವಲಿನಲ್ಲಿ ಮನೆಯಿಂದಲೇ ಬರೆಯುವ ಪರೀಕ್ಷೆಗಳಲ್ಲಿ ತೊಂದರೆಗೆ ಸಿಕ್ಕುವವರು ಎರಡು ಬಗೆ. ಇನ್ನೊಂದು ಟ್ಯಾಬಿನಲ್ಲೋ ಫೋನಿನಲ್ಲೋ ಉತ್ತರ ಹುಡುಕಿ ಸಿಕ್ಕಿಬಿದ್ದವರು ಒಂದು ಬಗೆ. ಏನೂ ತಪ್ಪು ಮಾಡದೆ, ಸಿದ್ಧತೆ ಸರಿಯಿಲ್ಲದ ಕಾರಣಕ್ಕೆ ಅನುಮಾನಕ್ಕೆ ಒಳಗಾದವರು ಇನ್ನೊಂದು ಬಗೆ. ಕಾವಲು ವ್ಯವಸ್ಥೆ ಏನನ್ನು ನೋಡುತ್ತದೆ, ಏನನ್ನು ಬರೆದಿಟ್ಟುಕೊಳ್ಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ.

ಹಂತ 1: ನಿಯಮದ ಪುಟ ಓದಿ. ‘ಪುಸ್ತಕ ನೋಡಬಹುದು’ ಎಂದಿದ್ದರೆ ಪುಸ್ತಕ ಮಾತ್ರ. ಇಂಟರ್‌ನೆಟ್‌ನಲ್ಲಿ ಹುಡುಕಬಹುದು, ಗೆಳೆಯರನ್ನು ಕೇಳಬಹುದು ಎಂದು ಅದರ ಅರ್ಥವಲ್ಲ. ಹಾಳೆ, ಕ್ಯಾಲ್ಕುಲೇಟರ್, ನೀರಿನ ಬಾಟಲಿ, ಮಧ್ಯೆ ಎದ್ದುಹೋಗುವುದು, ಈ ನಾಲ್ಕಕ್ಕೂ ಅನುಮತಿ ಇದೆಯೇ ಎಂದು ಬೇರೆಬೇರೆಯಾಗಿ ನೋಡಿಕೊಳ್ಳಿ. ಪ್ರಶ್ನೆಯನ್ನು ಬಾಯಲ್ಲಿ ಓದಿಕೊಳ್ಳುವ ಅಭ್ಯಾಸ ಇರುವವರು ಅದನ್ನು ಇಂದೇ ಬಿಡಬೇಕು. ಎಷ್ಟೋ ಪರೀಕ್ಷೆಗಳಲ್ಲಿ ತುಟಿ ಅಲ್ಲಾಡುವುದೇ ಎಚ್ಚರಿಕೆಗೆ ಕಾರಣವಾಗುತ್ತದೆ.

ಹಂತ 2: ಕಂಪ್ಯೂಟರ್ ಸಿದ್ಧಪಡಿಸಿ. ಹೆಚ್ಚು ಜನ ಎಡವುವುದು ಇಲ್ಲಿಯೇ. ಪರೀಕ್ಷೆಯ ಪುಟಕ್ಕೆ ನೀವು ಬೇರೆ ಟ್ಯಾಬಿನಲ್ಲಿ ಏನು ನೋಡಿದಿರಿ ಎಂಬುದು ತನ್ನಷ್ಟಕ್ಕೆ ಕಾಣುವುದಿಲ್ಲ. ಆದರೆ ನೀವು ತನ್ನನ್ನು ಬಿಟ್ಟುಹೋದ ಕ್ಷಣ ಮತ್ತು ಮರಳಿದ ಕ್ಷಣ ಅದಕ್ಕೆ ಖಚಿತವಾಗಿ ತಿಳಿಯುತ್ತದೆ. ಬ್ರೌಸರ್ ಇದನ್ನು `blur` ಮತ್ತು `focus` ಎಂಬ ಹೆಸರಿನಲ್ಲಿ ಹೇಳುತ್ತದೆ. ತೊಂದರೆ ಏನೆಂದರೆ, ಮೂಲೆಯಲ್ಲಿ ತೆರೆದುಕೊಂಡ ಅಪ್‌ಡೇಟ್ ಕಿಟಕಿಯೋ ಚಾಟ್ ಆ್ಯಪ್‌ನ ಕರೆಯೋ ಗಮನ ಕಿತ್ತುಕೊಂಡರೂ ಅದೇ `blur` ದಾಖಲಾಗುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಎಲ್ಲ ಅಪ್‌ಡೇಟ್ ಮುಗಿಸಿ, ಯಂತ್ರ ಮರುಚಾಲನೆ ಮಾಡಿ. ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ. ಚಾಟ್, ವಿಡಿಯೊ ಕರೆ, ದೂರದಿಂದ ಯಂತ್ರ ನಡೆಸುವ ಸಾಫ್ಟ್‌ವೇರ್‌ಗಳನ್ನು ಮುಚ್ಚಿದರೆ ಸಾಲದು, ಹಿನ್ನೆಲೆಯಲ್ಲಿ ಓಡುತ್ತಿಲ್ಲ ಎಂದು ನೋಡಿಕೊಳ್ಳಿ. ಎರಡನೇ ಮಾನಿಟರ್ ಇದ್ದರೆ ಕೇಬಲನ್ನೇ ತೆಗೆದಿಡಿ. ಸ್ವಿಚ್ ಆರಿಸಿದರೂ ಕೇಬಲ್ ಸಿಕ್ಕಿಸಿರುವವರೆಗೆ ಎರಡನೇ ಪರದೆ ಇದೆಯೆಂದು ಕಂಪ್ಯೂಟರ್ ಹೇಳಬಹುದು.

ಕಚೇರಿಯ ಲ್ಯಾಪ್‌ಟಾಪ್ ಬೇಡವೇ ಬೇಡ. ಅದರ ವಿಪಿಎನ್ ಮತ್ತು ಭದ್ರತಾ ಸಾಫ್ಟ್‌ವೇರ್ ಪರೀಕ್ಷೆಯ ಬ್ರೌಸರನ್ನು ತಡೆಯಬಹುದು, ಅವನ್ನು ತೆಗೆಯುವ ಅಧಿಕಾರ ನಿಮ್ಮ ಕೈಯಲ್ಲಿ ಇರುವುದಿಲ್ಲ. ವೈಫೈಗಿಂತ ಕೇಬಲ್ ಸಂಪರ್ಕ ಮೇಲು. ‘ಸಿಸ್ಟಮ್ ಟೆಸ್ಟ್’ ಎಂಬ ಕೊಂಡಿ ಕೊಟ್ಟಿದ್ದರೆ ಅದೇ ಯಂತ್ರ, ಅದೇ ಜಾಗ, ಅದೇ ಸಂಪರ್ಕದಲ್ಲಿ ನಡೆಸಿ ನೋಡಿ.

ಹಂತ 3: ಬೆಳಕು ಮತ್ತು ಕೂರುವ ಜಾಗ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಸಾಫ್ಟ್‌ವೇರ್ ‘ಮುಖ ಕಾಣುತ್ತಿಲ್ಲ’ ಎಂದು ಬರೆದುಕೊಳ್ಳುತ್ತದೆ. ಕಡುಮೈಬಣ್ಣದವರ ಮುಖ ಗುರುತಿಸುವಲ್ಲಿ ಇಂಥ ಸಾಫ್ಟ್‌ವೇರ್‌ಗಳು ಎಡವಿದ ದೂರುಗಳು ಸಾಕಷ್ಟಿವೆ. ಅದು ಅಭ್ಯರ್ಥಿಯ ತಪ್ಪಲ್ಲ. ಮುಂದಿನಿಂದ ಬೆಳಕು ಬೀಳುವಂತೆ ಕೂತರೆ ಅಪಾಯ ಕಡಿಮೆ. ರಿಂಗ್ ಲೈಟ್ ಬೇಡ, ಕನ್ನಡಕದ ಗಾಜಿನ ಮೇಲೆ ಬಿಳಿ ಉಂಗುರ ಮೂಡಿ ಕಣ್ಣೇ ಮರೆಯಾಗುತ್ತದೆ. ಎದುರಿನ ಗೋಡೆಗೆ ಮುಖ ಮಾಡಿಟ್ಟ ಟೇಬಲ್ ಲ್ಯಾಂಪ್ ಇದಕ್ಕಿಂತ ಒಳ್ಳೆಯದು. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಆರಿಸಿ. ಕಣ್ಣು ಆಗಾಗ ಅತ್ತಿತ್ತ ಸರಿಯುವ, ಮೈ ತಾನಾಗಿ ಅಲುಗುವ ಆರೋಗ್ಯ ಸಮಸ್ಯೆ ಇರುವವರು ಪರೀಕ್ಷೆಗೆ ನೋಂದಾಯಿಸುವಾಗಲೇ ಬರವಣಿಗೆಯಲ್ಲಿ ತಿಳಿಸಿ ಅನುಮತಿ ಪಡೆಯಿರಿ. ಪರೀಕ್ಷೆ ಮುಗಿದ ಮೇಲೆ ಕೊಡುವ ವೈದ್ಯರ ಪತ್ರಕ್ಕೆ ಆ ತೂಕ ಇರುವುದಿಲ್ಲ.

ಹಂತ 4: ಗುರುತಿನ ಚೀಟಿ, ಕೋಣೆಯ ನಾಲ್ಕೂ ದಿಕ್ಕು ತೋರಿಸುವುದು. ಕೇಳಿದ್ದನ್ನು ನಿಧಾನವಾಗಿ ತೋರಿಸಿ, ಮೇಜಿನ ಕೆಳಭಾಗವನ್ನೂ ಸೇರಿಸಿ.

ಹಂತ 5: ಬರೆಯುವಾಗ. ಯೋಚಿಸುವಾಗ ಮನುಷ್ಯರ ಕಣ್ಣು ಸ್ಕ್ರೀನಿನಿಂದ ಸರಿಯುತ್ತದೆ, ಅದು ಸಹಜ. ಪರಿಶೀಲಕರಿಗೂ ಅದು ಗೊತ್ತು. ಹಾಗೆ ಸರಿದ ಕಣ್ಣು ಒಮ್ಮೆ ಮೇಲಕ್ಕೆ, ಒಮ್ಮೆ ಗೋಡೆಗೆ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಫೋನ್ ಓದುವ ಕಣ್ಣು ಪ್ರತಿಸಲ ಅದೇ ಒಂದು ಬಿಂದುವಿಗೆ ಇಳಿದು, ಅಲ್ಲಿ ಎಡದಿಂದ ಬಲಕ್ಕೆ ಸಣ್ಣದಾಗಿ ಚಲಿಸಿ, ಮತ್ತೆ ಸ್ಕ್ರೀನಿಗೆ ಬರುತ್ತದೆ. ಒಂದು ಭುಜ ತಗ್ಗಿರುತ್ತದೆ, ಆ ಕೈ ಚೌಕಟ್ಟಿನಲ್ಲಿ ಕಾಣುವುದಿಲ್ಲ, ಕನ್ನಡಕದ ಕೆಳ ಅಂಚಿನಲ್ಲಿ ನೀಲಿ ಬೆಳಕು ಹೊಳೆಯುತ್ತದೆ. ಕಚ್ಚಾ ಹಾಳೆಗೆ ಅನುಮತಿ ಇದ್ದರೆ ಅದನ್ನು ಕೀಬೋರ್ಡಿನ ಮುಂದೆ, ಕ್ಯಾಮೆರಾಕ್ಕೆ ಕೈ ಕಾಣುವಂತೆ ಇಟ್ಟುಕೊಂಡು ಬರೆಯಿರಿ. ತೊಡೆಯ ಮೇಲೆ ಇಟ್ಟರೆ ಅದೂ ಫೋನಿನಂತೆಯೇ ಕಾಣುತ್ತದೆ.

ಈಗ ದಾಖಲೆ ಹೇಗೆ ಕಾಣುತ್ತದೆ ಎಂದು ಹತ್ತಿರದಿಂದ ನೋಡೋಣ. ನಾಲ್ಕು ಸಾಲಿನ ಉತ್ತರ ಬೇಡುವ 17ನೇ ಪ್ರಶ್ನೆ ಎಂದುಕೊಳ್ಳಿ. ತೋರಿಸಲೆಂದು ಬರೆದ ದಾಖಲೆ ಇದು:

```
10:42:07  Q17  view
10:42:31       blur
10:42:58       focus
10:43:02       paste  len=212
10:43:04  Q17  save
```

ಅಭ್ಯರ್ಥಿ ಪ್ರಶ್ನೆಯನ್ನು 24 ಸೆಕೆಂಡು ಓದಿದ, 27 ಸೆಕೆಂಡು ಪುಟ ಬಿಟ್ಟುಹೋದ, ಮರಳಿದ 4 ಸೆಕೆಂಡಿಗೆ 212 ಅಕ್ಷರಗಳ ಉತ್ತರ ಅಂಟಿಸಿದ. ಸೆಕೆಂಡಿಗೆ 5 ಅಕ್ಷರ ಬೆರಳಚ್ಚು ಮಾಡುವ ಚುರುಕು ಕೈಗೂ ಅಷ್ಟು ಬರೆಯಲು 40 ಸೆಕೆಂಡಿಗಿಂತ ಹೆಚ್ಚು ಬೇಕು. ನೋಟಿಫಿಕೇಶನ್‌ನಿಂದ ಆದ `blur` ಹೀಗಿರುವುದಿಲ್ಲ: ಅದು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಸುಲಭ ಪ್ರಶ್ನೆ ಕಷ್ಟದ ಪ್ರಶ್ನೆ ಎನ್ನದೆ ಎಲ್ಲೆಂದರಲ್ಲಿ ಬರುತ್ತದೆ, ಅದರ ಬೆನ್ನಿಗೇ ಉತ್ತರ ಬರುವುದಿಲ್ಲ. ಪರಿಶೀಲಕರು ತೂಗಿ ನೋಡುವುದು ಒಂದು ಸಾಲನ್ನಲ್ಲ, ಈ ಅನುಕ್ರಮ ಎಷ್ಟು ಸಲ ಮರುಕಳಿಸಿದೆ ಎಂಬುದನ್ನು. ಕಷ್ಟದ ಪ್ರಶ್ನೆ ಬಂದಾಗೆಲ್ಲ ಹೋಗಿಬರುವುದು, ಬಂದೊಡನೆ ಉತ್ತರಿಸುವುದು ಕಂಡರೆ ವಿಡಿಯೊವನ್ನು ಆ ನಿಮಿಷಗಳಿಗೆ ತಿರುಗಿಸಿ ನೋಡುತ್ತಾರೆ.

ಅಂಟಿಸದೆ ನೋಡಿ ಬರೆದರೂ ಗುರುತು ಉಳಿಯುತ್ತದೆ. ಸ್ವಂತ ಉತ್ತರ ಬರೆಯುವವರು ನಿಲ್ಲುತ್ತಾರೆ, ಅಳಿಸುತ್ತಾರೆ, ಪದ ಬದಲಿಸುತ್ತಾರೆ. ನಕಲು ಇಳಿಸುವವರ ಬೆರಳು ಒಂದೇ ಲಯದಲ್ಲಿ ಸಾಗುತ್ತದೆ. ಕೀಲಿ ಒತ್ತಿದ ಸಮಯವನ್ನು ಕೆಲವು ವ್ಯವಸ್ಥೆಗಳು ದಾಖಲಿಸುತ್ತವೆ.

ಕ್ಯಾಮೆರಾಕ್ಕೆ ಏನೂ ಕಾಣದಿದ್ದರೂ ಉತ್ತರಪತ್ರಿಕೆಯೇ ಹೇಳಿಬಿಡುವುದುಂಟು. ಒಂದೇ ಲೆಕ್ಕವನ್ನು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಾಕಿ ಕೊಡುವ ಪರೀಕ್ಷೆಯನ್ನು ತೆಗೆದುಕೊಳ್ಳಿ. ಅಸಲು 10,000, ವರ್ಷಕ್ಕೆ ಶೇ 9ರ ಚಕ್ರಬಡ್ಡಿ, 2 ವರ್ಷಕ್ಕೆ ಮೊತ್ತ ಎಷ್ಟು ಎಂಬುದು ಪ್ರಶ್ನೆ. ಸರಿಯುತ್ತರ 11,881. ಚಕ್ರಬಡ್ಡಿ ಬಾರದೆ ಸರಳಬಡ್ಡಿ ಹಾಕಿದವರು 11,800 ಬರೆಯುತ್ತಾರೆ. ಅದು ಪ್ರಾಮಾಣಿಕ ತಪ್ಪು. ಒಬ್ಬರು 11,664 ಬರೆದರೆ? ಅದು ಶೇ 8ರ ಲೆಕ್ಕದ ಉತ್ತರ. ಅವರ ಪ್ರಶ್ನೆಯಲ್ಲಿ 8 ಎಂಬುದೇ ಇರಲಿಲ್ಲ. ಒಮ್ಮೆ ಹೀಗಾದರೆ ಅಂಕಿ ತಪ್ಪಿ ಓದಿದರು ಎನ್ನಬಹುದು. ಮೂರ್ನಾಲ್ಕು ಲೆಕ್ಕಗಳಲ್ಲಿ, ಎಲ್ಲವೂ ಇಂಟರ್‌ನೆಟ್‌ನಲ್ಲಿ ಹರಿದಾಡುವ ಪರಿಹಾರಕ್ಕೆ ಹೊಂದಿದರೆ ಸಮಜಾಯಿಷಿ ಕೊಡುವುದು ಕಷ್ಟ. ಇಬ್ಬರ ಸರಿಯುತ್ತರ ಒಂದೇ ಆಗಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ, ಸರಿಯುತ್ತರ ಇರುವುದೇ ಒಂದು. ಒಂದೇ ತಪ್ಪನ್ನು ಹತ್ತಾರು ಕಡೆ ಇಬ್ಬರೂ ಮಾಡಿರುವುದೇ ಸಾಕ್ಷಿಯಾಗುತ್ತದೆ. ಸಮಯವೂ ಹಾಗೆಯೇ. ತಾವೇ ಬರೆಯುವವರು ಸುಲಭದ್ದಕ್ಕೆ ಕಡಿಮೆ, ಕಷ್ಟದ್ದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ಹುಡುಕಿ ಬರೆಯುವವರಿಗೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು.

‘ಯಾರಿಗೂ ಗೊತ್ತಾಗದ’ ಎಕ್ಸ್‌ಟೆನ್ಶನ್, ನಕಲಿ ಕ್ಯಾಮೆರಾ ಸಾಫ್ಟ್‌ವೇರ್, ಹಣ ಪಡೆದು ಉತ್ತರ ಕಳಿಸುವ ಗುಂಪುಗಳ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ದೂರವಿಡಿ. ಇವನ್ನು ಅಳವಡಿಸುವುದೆಂದರೆ ನಿಮ್ಮ ಪಾಸ್‌ವರ್ಡ್, ಗುರುತಿನ ಚೀಟಿ ಇರುವ ಯಂತ್ರವನ್ನು ಅಪರಿಚಿತರ ಕೈಗೆ ಕೊಟ್ಟಂತೆ. ಹಣ ಕೊಟ್ಟ ಮೇಲೆ ‘ಸಂಸ್ಥೆಗೆ ತಿಳಿಸುತ್ತೇವೆ’ ಎಂದು ಬೆದರಿಸಿ ಮತ್ತೆ ಹಣ ಕೀಳಲು ಅವರಿಗೆ ಬೇಕಾದುದೆಲ್ಲ ಅದರಲ್ಲಿ ಇರುತ್ತದೆ. ಪರೀಕ್ಷೆಯ ಪ್ರಶ್ನೆಗಳನ್ನೇ ಗಾಳದ ಎರೆಯಂತೆ ಇಟ್ಟ ಪುಟಗಳೂ ಇಂಟರ್‌ನೆಟ್‌ನಲ್ಲಿವೆ. ಕೆಲವು ಕಾವಲು ಸಂಸ್ಥೆಗಳೇ ಇಂಥವನ್ನು ನಡೆಸಿದ್ದುಂಟು, ಪರೀಕ್ಷೆ ನಡೆಯುತ್ತಿರುವಾಗ ಫೋನಿನಿಂದ ಅಲ್ಲಿಗೆ ಹೋದವರ ಭೇಟಿ ದಾಖಲಾಗಬಹುದು.

ಶಿಕ್ಷೆ ಇಷ್ಟು ಕಠಿಣವೇಕೆ ಎಂದು ಕೇಳುವವರಿದ್ದಾರೆ. ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಹುಡುಕಿಯೇ ಮಾಡುವುದಲ್ಲವೇ ಎನ್ನುತ್ತಾರೆ. ಪುಸ್ತಕ ಮುಚ್ಚಿ ಬರೆಯುವ ಪರೀಕ್ಷೆಯ ಅಂಕ ಹೇಳುವುದು ‘ಇವರಿಗೆ ಇಷ್ಟು ತಿಳಿದಿದೆ’ ಎಂದು. ಹುಡುಕಿ ಬರೆದ ಅಂಕ ಆ ಮಾತನ್ನೇ ಸುಳ್ಳು ಮಾಡುತ್ತದೆ, ಅದನ್ನು ನಂಬಿ ಕೆಲಸವನ್ನೋ ಸೀಟನ್ನೋ ಕೊಡುವವರು ಮೋಸಹೋಗುತ್ತಾರೆ. ಇನ್ನೊಂದು ನಷ್ಟವೂ ಇದೆ. ಉತ್ತರ ಹುಡುಕಲು ಪ್ರಶ್ನೆಯನ್ನು ಹೊರಗೆ ಹಾಕಿದರೆ ಆ ಪ್ರಶ್ನೆ ಸೋರಿದಂತೆ, ಅದನ್ನು ಪ್ರಶ್ನೆಭಂಡಾರದಿಂದಲೇ ತೆಗೆಯಬೇಕಾಗುತ್ತದೆ. ಅದಕ್ಕಾಗಿಯೇ ಪರೀಕ್ಷೆ ಅಲ್ಲೇ ನಿಲ್ಲುವುದು, ಅಂಕ ತಡೆಹಿಡಿಯುವುದು ಅಥವಾ ರದ್ದಾಗುವುದು, ಶುಲ್ಕ ಮರಳದಿರುವುದು, ಕೆಲಕಾಲ ಪರೀಕ್ಷೆಗೇ ಕೂರದಂತೆ ನಿಷೇಧ, ಇವೆಲ್ಲ ನಿಯಮದಲ್ಲಿರುತ್ತವೆ. ಫಲಿತಾಂಶ ಬಂದಾಯಿತು ಎಂದು ನಿರಾಳವಾಗುವಂತೆಯೂ ಇಲ್ಲ. ಉತ್ತರಗಳ ಹೋಲಿಕೆ ತಡವಾಗಿ ನಡೆಯುವುದರಿಂದ ಕೊಟ್ಟ ಅಂಕವನ್ನೂ ಹಿಂಪಡೆಯಬಹುದು.

ಹಂತ 6: ಅನುಮಾನದ ಪತ್ರ ಬಂದರೆ. ಯಂತ್ರ ಹಾಕಿದ ಗುರುತು ತೀರ್ಪಲ್ಲ. 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಅರ್ಹತಾ ಪರೀಕ್ಷೆ ಆನ್‌ಲೈನ್‌ನಲ್ಲಿ ನಡೆದಾಗ ಸಾಫ್ಟ್‌ವೇರ್ 3,000ಕ್ಕೂ ಹೆಚ್ಚು ಜನರ ಮೇಲೆ, ಅಂದರೆ ಬರೆದವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಮೇಲೆ ಗುರುತು ಹಾಕಿತ್ತು. ಮನುಷ್ಯರು ನೋಡಿದ ಮೇಲೆ ಅವರಲ್ಲಿ ಬಹುಪಾಲು ಮಂದಿ ಅನುಮಾನದಿಂದ ಹೊರಬಂದರು. ಹಾಗಾಗಿ ಹೆದರಿ ಮೌನವಾಗಿರಬೇಡಿ, ‘ನಾನು ಏನೂ ಮಾಡಿಲ್ಲ’ ಎಂಬ ಒಂದೇ ಸಾಲನ್ನೂ ಕಳಿಸಬೇಡಿ. ಯಾವ ಪ್ರಶ್ನೆ, ಯಾವ ನಿಮಿಷ, ಯಾವ ಬಗೆಯ ಗುರುತು ಎಂದು ಕೇಳಿ ಪಡೆಯಿರಿ. ಒಂದೊಂದಕ್ಕೂ ಬೇರೆಬೇರೆ ಉತ್ತರ ಕೊಡಿ. ಇದಕ್ಕೆ ಪರೀಕ್ಷೆಯ ದಿನವೇ ತಯಾರಿ ಬೇಕು. ಮಧ್ಯೆ ಕರೆಂಟ್ ಹೋಗಿದ್ದರೆ, ಯಾರಾದರೂ ಬಾಗಿಲು ತೆರೆದಿದ್ದರೆ, ಕಿಟಕಿಯೊಂದು ತಾನಾಗಿ ತೆರೆದಿದ್ದರೆ ಅಲ್ಲೇ ಪರೀಕ್ಷೆಯನ್ನು ನೇರವಾಗಿ ಕಾಯುತ್ತಿರುವ ಪ್ರಾಕ್ಟರ್‌ಗೆ ಚಾಟ್‌ನಲ್ಲಿ ತಿಳಿಸಿ, ಆ ಸಂದೇಶವೂ ದಾಖಲೆಯಲ್ಲಿ ಉಳಿಯುತ್ತದೆ. ಪ್ರಾಕ್ಟರ್ ಇಲ್ಲದ ಪರೀಕ್ಷೆಯಾದರೆ ಮುಗಿದ ಕೂಡಲೇ ಗಂಟೆ, ನಿಮಿಷ, ನಡೆದದ್ದು ಇಷ್ಟನ್ನು ಬರೆದು ಸಂಸ್ಥೆಗೆ ಮಿಂಚಂಚೆ ಕಳಿಸಿ. ಪತ್ರ ಬರುವ ಮೊದಲೇ ಕಳಿಸಿದ ಆ ಐದು ಸಾಲಿಗೆ ಆಮೇಲೆ ಬರೆಯುವ ಐದು ಪುಟಕ್ಕಿಂತ ಬೆಲೆ ಹೆಚ್ಚು.