ತತ್ತಿ ಟ್ರೇನಾಗ ರಿಯಾಕ್ಟರ್: ಗ್ರಾಫ್ ಕೊನೆಗೂ ಕುಂತಿದ್ದು ಹೆಂಗ

ಚೈನ್ ರಿಯಾಕ್ಷನ್ ತೋರ್ಸಾಕ ಸ್ಪ್ರಿಂಗ್ ಇಲಿ ಟ್ರ್ಯಾಪ್ ಮ್ಯಾಲೆ ಟಿಟಿ ಬಾಲ್ ಇಡೋ ಮಾಡೆಲ್ ಎಲ್ಲಾ ಸೈನ್ಸ್ ಟೀಚರ್ಸ್‌ಗೂ ಗೊತ್ತು. ನಮ್ಮ ಸಿಂಧನೂರು ಕಡೆ ಅದನ್ನ ಮಾಡಾಕ ಎರಡು ಸಾವಿರದ ಮ್ಯಾಲೆ ಖರ್ಚಾತು, ಸೆಟ್ ಮಾಡಾಕ ಅರ್ಧ ತಾಸು, ಹುಡುಗುರ ಬೆರಳಿಗೆ ಪೆಟ್ಟು ಬ್ಯಾರೆ, ಪಟಪಟ ಅಂತ ಹಾರಿ ಎರಡು ಮೂರು ಸೆಕೆಂಡಿಗೆ ಮುಗೀತು. ಅದು ಬಾಂಬ್ ತೋರ್ಸುತ್ತ, ರಿಯಾಕ್ಟರ್ ಅಲ್ಲ. ಒಂದು ಹಾರಿದ್ರ ಸರಿಯಾಗಿ ಇನ್ನೊಂದೇ ಹಾರ್ಬೇಕು ಅನ್ನೋ ಕ್ರಿಟಿಕಲ್ ಸ್ಥಿತಿ ಐತಲ್ಲ, ಅದನ್ನ ಟ್ರ್ಯಾಪ್‌ನಾಗ ನಿಲ್ಸಾಕ ಆಗಂಗೇ ಇಲ್ಲ. ನಾ ಕಡ್ಲಿ ಕಾಳಿನಾಗ ತೋರುಸ್ತೀನಿ ಅಂದಾಗ ಸ್ಟಾಫ್ ರೂಮಿನಾಗ ನಕ್ಕಿದ್ರು. ಈಗ ಅವರೇ ಟ್ರೇ ಕೇಳಾಕತ್ಯಾರ.

ಬಿಸಿಯೂಟದ ತತ್ತಿ ಬರೋ 30 ಗುಣಿಯ ಟ್ರೇ ಎರಡು ಜೋಡ್ಸಿದ್ರ 60 ಗುಣಿ. ಒಂದು ಬಿಟ್ಟು ಒಂದಕ್ಕ ಕೆಂಪು ಬಳದ್ರ 30 ಕೆಂಪು, ಅದು ಯುರೇನಿಯಂ. ಕಡ್ಲಿ ಕಾಳು ನ್ಯೂಟ್ರಾನ್. ಕೆಂಪಿನಾಗ ಬಿದ್ದ ಕಾಳು ಯುರೇನಿಯಂ ಸೀಳ್ತು ಅಂತ ಲೆಕ್ಕ, ಅದಕ್ಕ ಎರಡು ಹೊಸ ಕಾಳು. ಬ್ಯಾರೆ ಕಡೆ ಬಿದ್ದದ್ದು ಹೋತು. ಖರೇ ಯುರೇನಿಯಂ-235 ಒಂದು ಸಲ ಸೀಳಿದ್ರ ಸರಾಸರಿ 2.4 ನ್ಯೂಟ್ರಾನ್ ಕೊಡ್ತೈತಿ, ಎರಡು ಇಟ್ರ ಲೆಕ್ಕ ಹಗುರ. ಕಪ್ಪು ರಟ್ಟಿನ ಪಟ್ಟಿ ಕಂಟ್ರೋಲ್ ರಾಡ್, ಅದು ಕೆಂಪನ್ನ ಮುಚ್ಚುತ್ತ. ಹೊಸ ಕಾಳು ತಗೊಂಡು ಮತ್ತ ಟ್ರೇ ಮ್ಯಾಲೆ ಬಿಡೋದೇ ಒಂದು ರೌಂಡ್. ಪ್ರತಿ ರೌಂಡಿಗೆ ಹೊರಗಿನಿಂದ 10 ಕಾಳು ತಪ್ಪದೇ ಸೇರಸ್ರಿ, ಅದು ಸೋರ್ಸ್. ತೆರೆದ ಕೆಂಪು ಭಾಗಿಸು 30, ಅದೇ ನಿಮ್ಮ k, ಅಂದ್ರ ಒಂದು ಕಾಳಿಗೆ ಮುಂದಿನ ರೌಂಡಿನಾಗ ಸರಾಸರಿ ಎಷ್ಟು ಕಾಳು ಅನ್ನೋದು; ಅದು ಒಂದಾದ್ರ ಕ್ರಿಟಿಕಲ್.

ಸೋರ್ಸ್ ಇದ್ರ ಕಾಳಿನ ಸಂಖ್ಯೆ ಸತ್ತು ಹೋಗಂಗಿಲ್ಲ, k ಒಂದಕ್ಕಿಂತ ಕಡಿಮೆ ಇರೋತನಕ ಒಂದು ಕಡೆ ನಿಲ್ಲುತ್ತ, ಆ ನಿಂತ ಸಂಖ್ಯೆ N:

N = 10 / (1 − k)

15 ಕೆಂಪು ತೆರೆದ್ರ 20 ಕಾಳಿನ ಆಜುಬಾಜು, 20 ತೆರೆದ್ರ 30, 24 ತೆರೆದ್ರ 50, 27ಕ್ಕ 100. ಈಗ ಗ್ರಾಫಿನಾಗ ತೆರೆದ ಕೆಂಪಿನ ಎದುರು N ಹಾಕಬ್ಯಾಡ್ರಿ, 1/N ಹಾಕ್ರಿ: 0.05, 0.033, 0.02, 0.01. ಸ್ಕೇಲ್ ಇಟ್ಟು ಗೆರೆ ಎಳದ್ರ ಸೀದಾ 30ಕ್ಕ ಹೋಗಿ ಸೊನ್ನೆ ಮುಟ್ಟುತ್ತ. ಕ್ರಿಟಿಕಲ್ ಆಗೋಕಿಂತ ಮೊದ್ಲೇ ಎಲ್ಲಿ ಆಗ್ತೈತಿ ಅಂತ ಗೊತ್ತಾತು. 1942ರ ಡಿಸೆಂಬರ್ 2ಕ್ಕ ಶಿಕಾಗೋದಾಗ ಫರ್ಮಿ ಕ್ಯಾಡ್ಮಿಯಂ ರಾಡ್ ಇಷ್ಟಿಷ್ಟೇ ಹೊರಗೆ ತೆಗಸ್ಕೋಂತ ಕೌಂಟರ್ ನೋಡಿ ಲೆಕ್ಕ ಹಾಕ್ತಾ ಹೋಗಿದ್ದೂ ಇದೇ ಜಾತಿ ಕೆಲಸ.

ಕೆಡೋದು ಎಲ್ಲಿ ಅಂದ್ರ ಅವಸರದಾಗ. k ಒಂದರ ಹತ್ರ ಹೋದಂಗೆಲ್ಲ ಸಂಖ್ಯೆ ನಿಲ್ಲಾಕ ಭಾಳ ರೌಂಡ್ ಬೇಕು. 15ಕ್ಕ ಐದಾರು ರೌಂಡ್ ಸಾಕು, 27ಕ್ಕ ಮೂವತ್ತರ ಹತ್ರ ಬೇಕು. ಒಂದು ಗುಂಪಿನ ಹುಡುಗುರು 27ರಾಗ ಹತ್ತೇ ರೌಂಡಿಗೆ 82 ಅಂತ ಬರ್ಕೊಂಡು ಗೆರೆ ಎಳದ್ರು, 24ರ ಚುಕ್ಕಿಯಿಂದ ಅದು ಹೋಗಿ 31.7ಕ್ಕ ಮುಟ್ತು. ಅಂದ್ರ ಅವರ ಗ್ರಾಫ್ 'ಇನ್ನೂ ದೂರ ಐತಿ' ಅಂತೈತಿ, ಟ್ರೇ 30ಕ್ಕೇ ಕ್ರಿಟಿಕಲ್. ತಪ್ಪು ಆದ್ರ ಹಿಂಗ ಅಪಾಯದ ಕಡೆಗೇ ಆಗ್ತೈತಿ, ಅದಕ್ಕ ಖರೇ ರಿಯಾಕ್ಟರಿನಾಗೂ ರಾಡ್ ಸ್ವಲ್ಪ ಎಳೆದು, ಕೌಂಟ್ ನಿಲ್ಲೋತನಕ ಕಾದು, ಆಮ್ಯಾಲೆ ಮುಂದಿನದು. ಇನ್ನೊಂದು, 100 ಅಂದ್ರ 100ಕ್ಕೇ ನಿಲ್ಲಂಗಿಲ್ಲ, 75ರಿಂದ 125ರತನಕ ಹೊಯ್ದಾಡುತ್ತ. ನಿಂತ ಮ್ಯಾಲೂ ಒಂದಿಪ್ಪತ್ತು ರೌಂಡಿನ ಸರಾಸರಿ ತಗೋರಿ.

30ಕ್ಕ ಬಂದಾಗ ಸಂಖ್ಯೆ ನಿಲ್ಲುತ್ತ ಅಂತ ಎಲ್ಲಾರೂ ಅನ್ಕೋತಾರ. ಇಲ್ರಿ, ಸೋರ್ಸ್ ಇನ್ನೂ ಒಳಗೈತಲ್ಲ, ಪ್ರತಿ ರೌಂಡಿಗೆ ಸುಮಾರು ಹತ್ತ್ಹತ್ತು ಏರಕೋಂತ ಹೋಗ್ತೈತಿ. ಸೋರ್ಸ್ ನಿಲ್ಲಸ್ರಿ, ಆಗ ಏರೋದು ನಿಂತು ಇದ್ದಲ್ಲೇ ಅತ್ತಿತ್ತ ಆಡುತ್ತ. 29ಕ್ಕ ಸೋರ್ಸ್ ನಿಲ್ಸಿದ್ರ ನಿಧಾನಕ್ಕ ಇಳೀತೈತಿ, ಗುರುತು ಅಷ್ಟೇ.

ನ್ಯೂಟ್ರಾನಿನ ವೇಗ ಇಳಿಸೋ ಮಾಡರೇಟರ್ ಸಲುವಾಗಿ ಟ್ರೇ ಮ್ಯಾಲೆ ದೊಡ್ಡ ಕಣ್ಣಿನ ಜರಡಿ ಹಿಡದೆ. ಅದು ಕಾಳಿನ ವೇಗ ಮುರಿಯುತ್ತ, ಹೊರಗ ಹಾರೋದು ನೂರಕ್ಕ ಒಂದೆರಡು. ಜರಡಿ ತೆಗೆದು ಅದೇ ಎತ್ತರದಿಂದ ಬಿಟ್ರ ಮೂರರಾಗ ಒಂದು ಪಾಲು ಟ್ರೇ ದಾಟಿ ಹೋತು, ರಾಡ್ ಎಲ್ಲಾ ತೆಗೆದ್ರೂ ಸಂಖ್ಯೆ 30ರ ಆಜುಬಾಜು ನಿಂತುಬಿಡ್ತು. ರಾಡ್ ಒಳಗ ಹಾಕದೇ ರಿಯಾಕ್ಷನ್ ಬಿತ್ತು! ಖರೇ ರಿಯಾಕ್ಟರಿನಾಗ ಕಾರಣ ಬರೇ ಸೋರಿಕೆ ಅಲ್ಲ, ನಿಧಾನದ ನ್ಯೂಟ್ರಾನಿಗೆ ಯುರೇನಿಯಂ-235 ಸೀಳೋ ಸಾಧ್ಯತೆ ವೇಗದ್ದಕ್ಕಿಂತ ನೂರಾರು ಪಟ್ಟು ಜಾಸ್ತಿ. ನಮ್ಮ ಕೈಗಾದಾಗ ಅದಕ್ಕೇ ಭಾರಜಲ, ಅಲ್ಲಿ ನೈಸರ್ಗಿಕ ಯುರೇನಿಯಂ, ಅದರಾಗ 235 ಇರೋದೇ 0.7 ಪರ್ಸೆಂಟ್. ಸಾದಾ ನೀರು ನ್ಯೂಟ್ರಾನ್ ನುಂಗಿಬಿಡ್ತೈತಿ, ಆ ಇಂಧನಕ್ಕ ನಡಿಯಂಗಿಲ್ಲ. ಜರಡಿ ಎಷ್ಟು ಎತ್ತರಕ್ಕ, ಎಷ್ಟು ಪದರ ಅಂತ ಕೇಳಬ್ಯಾಡ್ರಿ, ಅದು ನನ್ನ ಹತ್ರಾನೇ ಇರ್ಲಿ.

ಈ ಟ್ರೇಗೆ ಬರದೇ ಇರೋದು ತಡವಾಗಿ ಬರೋ ನ್ಯೂಟ್ರಾನ್. ಖರೇ ಯುರೇನಿಯಂ-235ನಾಗ ಸುಮಾರು 0.65 ಪರ್ಸೆಂಟ್ ನ್ಯೂಟ್ರಾನ್ ಸೆಕೆಂಡುಗಟ್ಟಲೆ ತಡಾ ಮಾಡಿ ಬರ್ತಾವ, ಅಷ್ಟಕ್ಕೇ ರಾಡ್ ಆಡ್ಸಾಕ ಟೈಮ್ ಸಿಗ್ತೈತಿ. ನಾ ಇನ್ನೂರರಾಗ ಒಂದು ಕಾಳು ಬಟ್ಟಲಕ್ಕ ಹಾಕಿ ಹತ್ತು ರೌಂಡ್ ಬಿಟ್ಟು ತಗೊಂಡು ನೋಡೀನಿ, ಸಾವಿರ ಕಾಳು ಎಣಿಸೋದ್ರಾಗ ಪೀರಿಯಡ್ಡೇ ಮುಗೀತು. ಒಟ್ಟು ಖರ್ಚು ಬಣ್ಣ, ರಟ್ಟು, ಎರಡು ಕೆಜಿ ಕಡ್ಲಿ ಸೇರಿ ಮುನ್ನೂರರ ಒಳಗ.